ಏಳು ಮೇಲ್‌ಗಳಲ್ಲಿ ಒಂದೇ ಮರಳು

ಕಳೆದ ತಿಂಗಳು ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿ ನನ್ನ ಕೋಣೆಗೆ ಬಂದು ಏಳು ಹಾಳೆ ಮೇಜಿನ ಮೇಲಿಟ್ಟರು. ಶಿವಮೊಗ್ಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯ ಮ್ಯಾನೇಜರ್‌ಗೆ ನಮ್ಮ ಏಳು ಜನ ಹುಡುಗರು ಇಂಟರ್ನ್‌ಶಿಪ್ ಕೇಳಿ ಕಳಿಸಿದ ಮೇಲ್‌ಗಳು ಅವು. ಏಳರಲ್ಲೂ ಮಳೆಗಾಲದ ಒದ್ದೆ ಮರಳಿನ ಬಗ್ಗೆ ಒಂದೇ ಸಾಲು, ಅಕ್ಷರ ತಪ್ಪದೆ. ಅದರಲ್ಲೊಬ್ಬ ಕಂಪ್ಯೂಟರ್ ಸೈನ್ಸ್ ಹುಡುಗ. "ಇದು ನಿಮ್ಮ ಕೌನ್ಸೆಲಿಂಗ್‌ನಿಂದ ಹೊರಟದ್ದಂತೆ ಮೇಡಂ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಆ ಸಾಲು ಹುಟ್ಟಿದ ದಿನ ನಾನು ಎದುರಿಗೇ ಕೂತಿದ್ದೆ. ಅದು ಯಾರದು, ಹೇಗೆ ಬಂತು ಅನ್ನುವುದನ್ನು ಬರೆಯುತ್ತೇನೆ. ಹುಡುಗನ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಸುಧೀರ ಎಂದು ಕರೆಯೋಣ.

ಸುಧೀರ ತೀರ್ಥಹಳ್ಳಿ ಕಡೆಯವನು, ಮೆಕ್ಯಾನಿಕಲ್ ಮೂರನೇ ವರ್ಷ. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದು ಅವನ ಮೇಷ್ಟ್ರು ನನ್ನ ಹತ್ತಿರ ಕಳಿಸಿದ್ದರು. ಮೊದಲ ಎರಡು ಸಲ ಹೆಚ್ಚೇನೂ ಮಾತಾಡಲಿಲ್ಲ. ಎರಡನೇ ಸಲ ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, "ಮೂವತ್ತೊಂದು ಕಂಪನಿಗೆ ಮೇಲ್ ಹಾಕಿದೀನಿ ಮೇಡಂ. ಒಬ್ಬರೂ ಉತ್ತರ ಕೊಟ್ಟಿಲ್ಲ. ಹೋಗಲಿ, ಬೇಡ ಅಂತಾನೂ ಹೇಳಿಲ್ಲ" ಎಂದ.

ಮೂರನೇ ಸಲ ಬರುವಾಗ ಆ ಮೇಲ್ ತಾ ಎಂದಿದ್ದೆ. ಫೋನಿನಲ್ಲಿ ತೋರಿಸಿದ. ಮೊದಲು ಕಣ್ಣಿಗೆ ಬಿದ್ದದ್ದು ವಿಳಾಸಗಳ ಸಾಲು. ಮೂವತ್ತೊಂದು ಕಂಪನಿಗಳ ವಿಳಾಸವನ್ನೂ ಒಂದೇ ಮೇಲ್‌ನಲ್ಲಿ, ಎಲ್ಲರಿಗೂ ಕಾಣುವಂತೆ ಹಾಕಿದ್ದ. ತೆರೆದವರಿಗೆ ತಮ್ಮ ಜೊತೆ ಇನ್ನೂ ಮೂವತ್ತು ಜನ ಸಾಲಿನಲ್ಲಿ ನಿಂತದ್ದು ಕಾಣುತ್ತಿತ್ತು. ಇನ್ನೊಬ್ಬರು ಉತ್ತರ ಕೊಡುತ್ತಾರೆ ಬಿಡು ಎಂದು ಯಾರಿಗಾದರೂ ಅನಿಸುತ್ತದೆ ಅಲ್ವಾ? ವಿಷಯದ ಜಾಗದಲ್ಲಿ 'ಇಂಟರ್ನ್‌ಶಿಪ್ ಬಗ್ಗೆ' ಎಂದಷ್ಟೇ ಇತ್ತು. ಒಳಗೆ ನಾಲ್ಕು ಪ್ಯಾರಾ. ಮೊದಲನೆಯದರಲ್ಲಿ ಕಂಪನಿಯ ಹೊಗಳಿಕೆ, ಎರಡನೆಯದರಲ್ಲಿ ತಾನು ಶ್ರಮಜೀವಿ, ಬೇಗ ಕಲಿಯುತ್ತೇನೆ ಎಂಬ ಮಾತು. ಮೂರನೆಯದರಲ್ಲಿ ಕೊಳೆರೋಗ ಬಂದು ತೋಟದ ಫಸಲು ಹೋದದ್ದು. ಕೊನೆಗೆ, ನಿಮ್ಮ ಗೌರವಾನ್ವಿತ ಸಂಸ್ಥೆಯಲ್ಲಿ ಯಾವುದಾದರೂ ಅವಕಾಶ ಇದ್ದರೆ ದಯವಿಟ್ಟು ಪರಿಗಣಿಸಿ.

"ಇದರಲ್ಲಿ ಕಂಪನಿ ಬದಲಾದರೆ ಯಾವ ಸಾಲು ಬದಲಿಸಬೇಕು?" ಎಂದು ಕೇಳಿದೆ.

ಓದಿ ನೋಡಿದ. "ಯಾವುದೂ ಇಲ್ಲ."

"ನೀನೇ ಬದಲಾದರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಕೊಳೆರೋಗದ್ದು ಮಾತ್ರ."

ಹೊರಗೆ ಮಳೆ ಹೊಯ್ಯುತ್ತಿತ್ತು. ಜೂನ್ ಮೊದಲ ವಾರ. ಆ ಮೂವತ್ತೊಂದರಲ್ಲಿ ನಿಜವಾಗಿ ಹೋಗಬೇಕೆಂದಿದ್ದದ್ದು ಎಲ್ಲಿಗೆ ಎಂದು ಕೇಳಿದೆ. ಒಂದು ಫೌಂಡ್ರಿಯ ಹೆಸರು ಹೇಳಿದ. ಯಾಕೆ ಅಂದದ್ದಕ್ಕೆ, ದೊಡ್ಡ ಕಂಪನಿ, ಒಳ್ಳೆಯ ಹೆಸರಿದೆ ಎಂದ. ಮತ್ತೆ ಯಾಕೆ ಅಂದೆ. ಸಿಟ್ಟು ಬಂತೇನೋ, ಕಿಟಕಿ ಕಡೆ ನೋಡಿ ಹೇಳಿದ:

"ಈ ಮಳೇಲಿ ಅವರು ಮರಳನ್ನ ಎಂತ ಮಾಡ್ತಾರೆ ಅಂತ ನೋಡಬೇಕು ಮೇಡಂ. ನಮ್ಮನೇಲಿ ಅಡಿಕೆ ಒಣಗಿಸೋಕೆ ಎಷ್ಟು ಪಾಡು. ಅವರಿಗೆ ಲಾರಿಗಟ್ಟಲೆ ಒದ್ದೆ ಮರಳು ಬರುತ್ತೆ."

ನನಗೆ ಫೌಂಡ್ರಿ ಗೊತ್ತಿಲ್ಲ. ಬಿಡಿಸಿ ಹೇಳು ಎಂದೆ. ಮೂರು ಸಲದಲ್ಲಿ ಮೊದಲ ಬಾರಿಗೆ ಅವನು ನಿಲ್ಲಿಸದೆ ಮಾತಾಡಿದ. ಕರಗಿದ ಕಬ್ಬಿಣ ಹೊಯ್ಯುವ ಅಚ್ಚನ್ನು ಮರಳಿನಲ್ಲಿ ಮಾಡುತ್ತಾರೆ. ಮರಳು ಅಂಟಿ ನಿಲ್ಲಲು ಬೆಂಟೊನೈಟ್ ಎಂಬ ಜೇಡಿ, ಜೊತೆಗೆ ಸ್ವಲ್ಪ ನೀರು. ನೀರು ಕಡಿಮೆಯಾದರೆ ಅಚ್ಚು ಉದುರುತ್ತದೆ. ಹದ ಮೀರಿದರೆ ಕಾದ ಲೋಹ ಬಿದ್ದಾಗ ಆ ನೀರು ಹಬೆಯಾಗಿ, ಹೊರಹೋಗಲು ದಾರಿ ಸಿಗದೆ ಎರಕದೊಳಗೇ ಗುಳ್ಳೆಯಾಗಿ ಉಳಿಯುತ್ತದೆ. ಅದಕ್ಕೆ ಬ್ಲೋ ಹೋಲ್ ಅನ್ನುತ್ತಾರಂತೆ. ಕಾಲೇಜಿನ ಲ್ಯಾಬಿನಲ್ಲಿ ಇವನೂ ಮೂವರು ಗೆಳೆಯರೂ ಮರಳಿಗೆ ಶೇಕಡಾ 3, 4, 5, 6 ಹೀಗೆ ನೀರು ಬೆರೆಸಿ, ಮೂರು ಏಟು ಹಾಕಿ ಗಟ್ಟಿ ಮಾಡಿದ ಸಣ್ಣ ತುಂಡುಗಳ ಮೂಲಕ ಗಾಳಿ ಎಷ್ಟು ಹಾದುಹೋಗುತ್ತದೆ ಎಂದು ಅಳೆದಿದ್ದರು.

"ಲ್ಯಾಬಲ್ಲಿ ಒಣ ಮರಳು ತಗೊಂಡು ನೀರು ಹಾಕ್ತೀವಿ, ಲೆಕ್ಕ ಸುಲಭ. ಮರಳೇ ಒದ್ದೆಯಾಗಿ ಬಂದರೆ ಇನ್ನೆಷ್ಟು ನೀರು ಹಾಕಬೇಕು ಅಂತ ಹೇಗೆ ತೀರ್ಮಾನ ಮಾಡ್ತಾರೆ?"

"ಇದು ಮೇಲ್‌ನಲ್ಲಿ ಯಾಕಿಲ್ಲ?"

"ಇದೆಲ್ಲ ಬರೀಬಹುದಾ ಮೇಡಂ?"

ಅವನು ಅಷ್ಟು ಅಳುಕಿ ಕೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಮ್ಮ ಕಡೆಯ ಹುಡುಗರಿಗೆ ಕೇಳುವುದೆಂದರೆ ಬೇಡುವುದು. ದೊಡ್ಡವರ ಮುಂದೆ ಹೋಗುವಾಗ ತನ್ನದೇನನ್ನೂ ತೋರಿಸಬಾರದು, ಕೈಮುಗಿದು ನಿಲ್ಲಬೇಕು, ಕೊಟ್ಟದ್ದನ್ನು ತಗೊಳ್ಳಬೇಕು. 'ಯಾವುದಾದರೂ ಅವಕಾಶ' ಅನ್ನುವುದು ವಿನಯ ಎಂದು ಅವನು ತಿಳಿದಿದ್ದ. ಆದರೆ ಓದುವ ಮ್ಯಾನೇಜರ್‌ಗೆ ಅದು ಕೆಲಸ ಹಚ್ಚಿದಂತೆ. ಈ ಹುಡುಗನನ್ನು ಎಲ್ಲಿ ಹಾಕಲಿ, ಯಾವಾಗ, ಎಷ್ಟು ದಿನ ಎಂದು ಅವರೇ ಯೋಚಿಸಬೇಕು. ಅವರು ಮುಂದಿನ ಮೇಲ್‌ಗೆ ಹೋಗುತ್ತಾರೆ. ಇಂಥ ದಿನದಿಂದ ಇಂಥ ದಿನದವರೆಗೆ, ಇಂಥ ವಿಭಾಗದಲ್ಲಿ ಎಂದು ಕೇಳಿದರೆ 'ಆಗಲ್ಲ' ಅನ್ನುವುದೂ ಅವರಿಗೆ ಸುಲಭ. ಸುಧೀರನನ್ನು ನಿದ್ದೆಗೆಡಿಸಿದ್ದು ನಿರಾಕರಣೆಯಲ್ಲ, ಮೌನ. ಮೂವತ್ತೊಂದು ಮೌನಗಳನ್ನು ಸೇರಿಸಿ ಅವನು ತನ್ನ ಬಗ್ಗೆ ಒಂದು ತೀರ್ಪು ಬರೆದುಕೊಂಡಿದ್ದ.

ಅಂದೇ ಅಲ್ಲೇ ಕೂತು ಹೊಸದಾಗಿ ಟೈಪ್ ಮಾಡಿದ. ಮೂಲ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಹೇಳಿದರೆ ಹೀಗೆ:

> ವಿಷಯ: ಮರಳು ಪರೀಕ್ಷೆ ವಿಭಾಗದಲ್ಲಿ ಇಂಟರ್ನ್‌ಶಿಪ್, ಜುಲೈ 1ರಿಂದ 28 (ಮೆಕ್ಯಾನಿಕಲ್, ಮೂರನೇ ವರ್ಷ)
>
> ನಮಸ್ಕಾರ ಸರ್,
>
> ನಾನು ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ ಓದುತ್ತಿದ್ದೇನೆ. ಈ ವರ್ಷ ಲ್ಯಾಬಿನಲ್ಲಿ ನಾವು ನಾಲ್ವರು ಅಚ್ಚಿನ ಮರಳಿಗೆ ಶೇಕಡಾ 3ರಿಂದ 6ರವರೆಗೆ ನೀರು ಬೆರೆಸಿ, ಗಾಳಿ ಹಾದುಹೋಗುವ ಪ್ರಮಾಣ ಅಳೆದೆವು. ಮಳೆಗಾಲದಲ್ಲಿ ಮರಳು ಒದ್ದೆಯಾಗಿ ಬಂದಾಗ ನೀರಿನ ಲೆಕ್ಕವನ್ನು ಹೇಗೆ ಸರಿದೂಗಿಸುತ್ತೀರಿ ಎಂದು ನೋಡಿ ಕಲಿಯುವ ಆಸೆಯಿದೆ.
>
> ಜುಲೈ 1ರಿಂದ 28ರವರೆಗೆ ನಿಮ್ಮ ಮರಳು ಪರೀಕ್ಷೆ ವಿಭಾಗದಲ್ಲಿ ಇಂಟರ್ನ್ ಆಗಿ ಬರಬಹುದೇ? ಕಾಲೇಜಿನ ಪತ್ರ ತರುತ್ತೇನೆ. ಒಂದು ಪುಟದ ರೆಸ್ಯೂಮೆ ಜೊತೆಗಿದೆ. ಇದನ್ನು ಬೇರೆಯವರು ನೋಡಿಕೊಳ್ಳುವುದಾದರೆ ಯಾರಿಗೆ ಬರೆಯಬೇಕೆಂದು ತಿಳಿಸಿದರೂ ಸಾಕು.

ಕೆಳಗೆ ಹೆಸರು, ಫೋನ್ ನಂಬರು. ಅಷ್ಟೇ. ಅಲ್ಲೇ ಕೆಲಸ ಮಾಡುವ ಸೀನಿಯರ್ ಒಬ್ಬನನ್ನು ಕೇಳಿ ಪ್ರೊಡಕ್ಷನ್ ಮ್ಯಾನೇಜರ್ ವಿಳಾಸ ತಗೊಂಡ. ಒಬ್ಬರಿಗೇ ಕಳಿಸಿದ, ಎಚ್‌ಆರ್‌ಗೆ ಒಂದು ಪ್ರತಿ. ಒಂದು ವಾರ ಕಾದು, ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಎರಡು ಸಾಲಿನ ನೆನಪೋಲೆ ಹಾಕು, ಆಮೇಲೂ ಬರದಿದ್ದರೆ ಬಿಟ್ಟುಬಿಡು ಎಂದಿದ್ದೆ.

ಒಂದು ವಿಷಯದಲ್ಲಿ ಮಾತ್ರ ಜಗಳವಾಯಿತು. ಕೊಳೆರೋಗದ ಪ್ಯಾರಾ ತೆಗೆ ಅಂದೆ. "ಅದು ನಿಜ ಅಲ್ವಾ ಮೇಡಂ?" ಎಂದ. ಕಣ್ಣು ತುಂಬಿತ್ತು. ನಿಜವೇ. ಫೀಸ್ ರಿಯಾಯಿತಿ ಅರ್ಜಿಯಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆ ಎಂದು ನಾನೇ ಹೇಳುತ್ತಿದ್ದೆ, ಅಲ್ಲಿ ಓದುವವರ ಕೈಯಲ್ಲಿ ಅದಕ್ಕೆ ಪರಿಹಾರ ಇದೆ. ಪ್ರೊಡಕ್ಷನ್ ಮ್ಯಾನೇಜರ್ ಕೈಯಲ್ಲಿ ಇಲ್ಲ. ಅವರು ಕನಿಕರಪಟ್ಟು ಕರೆದರೂ ನಾಲ್ಕು ವಾರ ಅಲ್ಲಿ ಪಾಪದ ಹುಡುಗನಾಗಿ ಓಡಾಡಬೇಕು. ಬಸ್ ಖರ್ಚಿನ ಚಿಂತೆಯಿದ್ದರೆ, ಬಾ ಎಂದ ಮೇಲೆ ಫೋನಿನಲ್ಲಿ ಸ್ಟೈಪೆಂಡ್ ಇದೆಯೇ ಎಂದು ನೇರವಾಗಿ ಕೇಳು. ತೆಗೆದ. ಆದರೆ ಅಪ್ಪನನ್ನೇ ಅಳಿಸಿದ ಹಾಗಾಯಿತು ಎಂದು ಆಮೇಲೊಮ್ಮೆ ಹೇಳಿದ. ಸಲಹೆ ಸರಿ ಎಂದೇ ಈಗಲೂ ನಂಬಿದ್ದೇನೆ. ಆದರೆ ಹೇಳುವ ಮೊದಲು ಆ ತೋಟದ ಬಗ್ಗೆ ಹತ್ತು ನಿಮಿಷ ಕೇಳಬೇಕಿತ್ತು.

ಆಪ್ತಸಲಹೆಗಾರರು ಮೇಲ್ ಬರೆಸುವುದೇ ತಪ್ಪು, ಅದು ಪ್ಲೇಸ್‌ಮೆಂಟ್‌ನವರ ಕೆಲಸ ಎಂದು ನನ್ನ ಸಹೋದ್ಯೋಗಿಯೊಬ್ಬರ ಆಕ್ಷೇಪ. ಇರಬಹುದು. ನಿದ್ದೆ ಬಾರದವನಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು. ಅದನ್ನೂ ಹೇಳಿಕೊಟ್ಟೆ. ಆದರೆ ಅವನ ಸಂಕಟಕ್ಕೆ ಕಾರಣ ಅವನ ಜೇಬಿನ ಫೋನಿನಲ್ಲೇ ಇತ್ತು. ಅದನ್ನು ಬಿಟ್ಟು ಬಾಲ್ಯದ ಬಗ್ಗೆ ಕೇಳುತ್ತ ಕೂರುವುದು ನನಗೆ ಸರಿ ಕಾಣಲಿಲ್ಲ.

ಇದೇ ರೀತಿ, ಆಯಾ ಕಂಪನಿಗೆ ತಕ್ಕಂತೆ ಬರೆದು, ಒಟ್ಟು ನಾಲ್ಕು ಕಡೆ ಕಳಿಸಿದ. ಎರಡು ಕಡೆಯಿಂದ ಸುದ್ದಿಯಿಲ್ಲ. ಒಬ್ಬರು 'ಈ ವರ್ಷ ತಗೊಳ್ಳುತ್ತಿಲ್ಲ' ಎಂದು ಒಂದು ಸಾಲು ಬರೆದರು. ಅದನ್ನು ತೋರಿಸಲು ಓಡಿ ಬಂದಿದ್ದ, ನಗುತ್ತಾ. ಫೌಂಡ್ರಿಯವರು ನೆನಪೋಲೆ ಹೋದ ಮೇಲೆ ಕರೆದರು. ಕಾಲೇಜಿನ ಪತ್ರ ಬೇಕು, ಸೇಫ್ಟಿ ಶೂ ನೀನೇ ತರಬೇಕು, ಒಂದು ವಾರ ತಡವಾಗಿ ಬಾ, ಲೋಹ ಹೊಯ್ಯುವ ಜಾಗಕ್ಕೆ ಹೋಗುವಂತಿಲ್ಲ. ಮರಳು ಪರೀಕ್ಷೆ ವಾರಕ್ಕೆ ಎರಡೇ ದಿನ, ಉಳಿದ ದಿನ ಎರಕ ಕೆರೆದು ಚೊಕ್ಕ ಮಾಡುವಲ್ಲಿ. ಮುಗಿಸಿ ಬಂದ ಮೇಲೆ, ಒದ್ದೆ ಮರಳಿನ ಲೆಕ್ಕ ಸಿಕ್ಕಿತಾ ಎಂದು ಕೇಳಿದೆ. "ಪ್ರತಿ ಸಲವೂ ಸ್ವಲ್ಪ ಮರಳು ತೆಗೆದು ತೇವ ಅಳೀತಾರೆ ಮೇಡಂ. ಅಳೆಯೋಕೆ ಮೊದಲೇ ಅಲ್ಲೊಬ್ಬ ಹಳಬರು ಮುಷ್ಟೀಲಿ ಹಿಡಿದು, ಮುರಿದು ನೋಡಿ ಹೇಳಿಬಿಡ್ತಾರೆ" ಎಂದು ಮುಷ್ಟಿ ಹಿಡಿದು ತೋರಿಸಿದ.

ಆಮೇಲೆ ಯಾರೋ ಅವನ ಮೇಲನ್ನು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಏಳು ಹಾಳೆ ನನ್ನ ಮೇಜಿಗೆ ಬಂದವು. ತಪ್ಪು ಹುಡುಗರದಷ್ಟೇ ಅಲ್ಲ. ಮಾದರಿ ಸಿಕ್ಕರೆ ನಕಲು ಮಾಡು ಎಂದು ಶಾಲೆಯ ರಜಾ ಅರ್ಜಿಯಿಂದಲೇ ಕಲಿಸಿದವರು ನಾವು. ಇಲ್ಲಿ ಮೇಲನ್ನು ಪೂರ್ತಿ ಕೊಡಬೇಕೋ ಬೇಡವೋ ಎಂದು ನಾನೂ ಎರಡು ದಿನ ಯೋಚಿಸಿದೆ.

ಕಂಪ್ಯೂಟರ್ ಸೈನ್ಸ್ ಹುಡುಗನನ್ನು ಕರೆಸಿದೆ. ತಲೆ ತಗ್ಗಿಸಿ ಕೂತ. ಮರಳಿನ ಬಗ್ಗೆ ಏನು ಗೊತ್ತು ಎಂದೆ. "ಏನೂ ಗೊತ್ತಿಲ್ಲ ಮೇಡಂ." ಸರಿ, ನೀನು ಈ ವರ್ಷ ಕೈಯಾರೆ ಮಾಡಿದ್ದು ಒಂದು ಹೇಳು ಎಂದೆ. ಬಹಳ ಹೊತ್ತು ಯೋಚಿಸಿ, ಮಾವನ ಅಡಿಕೆ ಮಂಡಿಗೆ ಮೂಟೆ ಲೆಕ್ಕ ಇಡುವ ಸಣ್ಣ ಪ್ರೋಗ್ರಾಮ್ ಮಾಡಿದ್ದೆ, ಅದು ಅರ್ಧಕ್ಕೆ ನಿಂತಿದೆ ಎಂದ. ಎಲ್ಲಿ ನಿಂತಿತು ಅಂದೆ. ಅದನ್ನು ಬರೆದುಕೊಂಡು ಮಂಗಳವಾರ ಬರುತ್ತೇನೆ ಎಂದು ಹೋಗಿದ್ದಾನೆ.