ಕೊಟ್ಟ ಉತ್ತರ ಆಪ್ಟಿಮಲ್ ಹೌದೋ ಅಲ್ಲವೋ, ಸಿಂಪ್ಲೆಕ್ಸ್ ಮಾಡದೆ ಹೇಳುವುದು ಹೇಗೆ?

ಪ್ರಶ್ನೆ: ನಾನು ವಿಜಯಪುರದಲ್ಲಿ ಎಂ.ಎಸ್ಸಿ. ಓದ್ತಾ ಇದ್ದೀನಿ. ಪರೀಕ್ಷೆಯಲ್ಲಿ ಒಂದು ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕ, ಅದರ ಜೊತೆಗೆ ಒಂದು ಉತ್ತರ ಎರಡೂ ಕೊಡ್ತಾರೆ. "ಮತ್ತೆ ಬಿಡಿಸದೆ, ಇದು ಆಪ್ಟಿಮಲ್ ಹೌದೋ ಅಲ್ಲವೋ ತೋರಿಸಿ" ಅಂತಾರೆ. ಕಾಂಪ್ಲಿಮೆಂಟರಿ ಸ್ಲ್ಯಾಕ್‌ನೆಸ್ ಬಳಸಬೇಕಂತೆ. ನಿಯಮ ಬಾಯಿಪಾಠ ಇದೆ, ಆದ್ರೆ ಎಲ್ಲಿಂದ ಶುರು ಮಾಡ್ಬೇಕು ತಿಳೀತಿಲ್ಲ.

ಉತ್ತರ: ಬಾಗಲಕೋಟೆಯಲ್ಲಿ ಈ ವಿಷಯ ಪಾಠ ಮಾಡುತ್ತೇನೆ. ನಿಮ್ಮ ಕಡೆಯದೇ ಒಂದು ಲೆಕ್ಕ ಹಿಡಿದು ಪೂರ್ತಿ ಮಾಡಿ ತೋರಿಸುತ್ತೇನೆ. ಅಂಕಿಗಳು ಲೆಕ್ಕ ಸಲೀಸಾಗಲಿ ಅಂತ ನಾನೇ ಇಟ್ಟವು, ಮಾರುಕಟ್ಟೆ ದರ ಅಲ್ಲ.

ಬಸವನ ಬಾಗೇವಾಡಿ ಕಡೆ ಒಬ್ಬ ರೈತರಿಗೆ 10 ಎಕರೆ ಹೊಲ ಇದೆ ಅನ್ನಿ. ಹಿಂಗಾರಿಗೆ ಜೋಳ, ಉಳ್ಳಾಗಡ್ಡಿ, ಸೂರ್ಯಕಾಂತಿ ಹಾಕಬಹುದು. ಎಕರೆಗೆ ಲಾಭ ಕ್ರಮವಾಗಿ 12, 30, 15 ಸಾವಿರ ರೂಪಾಯಿ. ಒಂದು ಎಕರೆಗೆ ಒಮ್ಮೆ ನೀರು ಹಾಯಿಸಿದರೆ ಒಂದು ಪಾಳಿ ಅಂತ ಹಿಡಿದರೆ, ಸಿಗುವುದು ಒಟ್ಟು 22 ಪಾಳಿ. ಕೂಲಿ ಆಳು ಸಿಗುವುದು 200. ಜೋಳ, ಉಳ್ಳಾಗಡ್ಡಿ, ಸೂರ್ಯಕಾಂತಿಯ ಎಕರೆಗಳನ್ನು x1, x2, x3 ಅಂತ ಬರೆದರೆ:

```
max  12 x1 + 30 x2 + 15 x3
      x1 +    x2 +    x3 <= 10     (y1)
      x1 +  4 x2 +  2 x3 <= 22     (y2)
    8 x1 + 30 x2 + 10 x3 <= 200    (y3)
      x1, x2, x3 >= 0
```

ಮೊದಲ ಸಾಲು ಹೊಲ, ಎರಡನೆಯದು ನೀರು, ಮೂರನೆಯದು ಆಳು. ಯಾರೋ ಒಬ್ಬರು ಹೇಳಿದ ಉತ್ತರ: ಜೋಳ 6 ಎಕರೆ, ಉಳ್ಳಾಗಡ್ಡಿ 4 ಎಕರೆ, ಸೂರ್ಯಕಾಂತಿ ಬೇಡ. ಲಾಭ 72 + 120 = 192 ಸಾವಿರ.

ಮೊದಲು ಈ ಉತ್ತರವನ್ನು ಮೂರೂ ಸಾಲಿನಲ್ಲಿ ಹಾಕಿ ನೋಡಿ. ಹೊಲ 10, ಪೂರ್ತಿ ಮುಗಿಯಿತು. ನೀರು 6 + 16 = 22, ಅದೂ ಮುಗಿಯಿತು. ಆಳು 48 + 120 = 168, ಅಂದರೆ 32 ಉಳಿಯಿತು. ಯಾವ ಮಿತಿಯನ್ನೂ ಮೀರಿಲ್ಲ. ಸುಮಾರು ಜನ ಈ ಹೆಜ್ಜೆಯನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ಉತ್ತರ ಇಲ್ಲೇ ಮಿತಿ ಮೀರಿದರೆ ಮುಂದಿನದೆಲ್ಲ ವ್ಯರ್ಥ.

ಈಗ y1, y2, y3 ಹುಡುಕಬೇಕು. ಇವು ಒಂದು ಎಕರೆ ಹೊಲ, ಒಂದು ಪಾಳಿ ನೀರು, ಒಂದು ಆಳು ಇವುಗಳಿಗೆ ನಾವು ಕಟ್ಟುವ ಬೆಲೆ. ನಿಮಗೆ ಬಾಯಿಪಾಠ ಇರುವ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಳು ಉಳಿದಿದೆ, ಹಾಗಾಗಿ ಅದರ ಬೆಲೆ ಸೊನ್ನೆ: y3 = 0. ಜೋಳ ಬೆಳೆದಿದ್ದಾರೆ, ಹಾಗಾಗಿ ಜೋಳದ ಒಂದು ಎಕರೆ ತಿನ್ನುವ ಸಂಪನ್ಮೂಲದ ಬೆಲೆ ಅದರ ಲಾಭಕ್ಕೆ ಸರಿಯಾಗಿ ಸಮ ಇರಬೇಕು. ಉಳ್ಳಾಗಡ್ಡಿಗೂ ಅಷ್ಟೇ.

```
y1 +   y2 = 12
y1 + 4 y2 = 30
```

ಕಳೆದರೆ 3 y2 = 18. ಹಾಗಾಗಿ y2 = 6, y1 = 6. ಸಿಂಪ್ಲೆಕ್ಸ್ ಟೇಬಲ್ ಒಂದೂ ಬರೆಯಲಿಲ್ಲ, ಎರಡು ಸಮೀಕರಣ ಬಿಡಿಸಿದೆವು ಅಷ್ಟೇ.

ಇಲ್ಲಿಗೆ ಕೆಲಸ ಮುಗಿದಿಲ್ಲ. ಇಲ್ಲಿವರೆಗೆ ನಿಯಮವನ್ನು ಬಳಸಿ ಬೆಲೆ ಕಂಡುಹಿಡಿದಿದ್ದೀರಿ, ಇನ್ನೂ ಏನನ್ನೂ ಪರೀಕ್ಷೆ ಮಾಡಿಲ್ಲ. ಪರೀಕ್ಷೆ ಇರುವುದು ನಾವು ಮುಟ್ಟದೆ ಬಿಟ್ಟ ಜಾಗದಲ್ಲಿ. ಬೆಲೆಗಳು ಸೊನ್ನೆಗಿಂತ ಕಡಿಮೆ ಇರಬಾರದು; 6, 6, 0 ಸರಿ ಇವೆ. ಇನ್ನೊಂದು, ಬೆಳೆಯದೆ ಬಿಟ್ಟ ಸೂರ್ಯಕಾಂತಿ. ಅದರ ಒಂದು ಎಕರೆಗೆ ಬೇಕಾದ ಹೊಲ, ನೀರು, ಆಳಿನ ಬೆಲೆ 6 + 12 + 0 = 18. ಅದರಿಂದ ಬರುವ ಲಾಭ 15. ತಿನ್ನುವುದು ಜಾಸ್ತಿ, ಕೊಡುವುದು ಕಡಿಮೆ. ಅದನ್ನು ಬಿಟ್ಟದ್ದು ಸರಿ. ಉತ್ತರ ಆಪ್ಟಿಮಲ್.

ಇದು ಯಾಕೆ ನಂಬಬಹುದು ಅಂದರೆ, ಈ ಬೆಲೆಗಳಲ್ಲಿ ಇರುವ ಸಂಪನ್ಮೂಲದ ಒಟ್ಟು ಬೆಲೆ 10×6 + 22×6 + 200×0 = 192. ಯಾವ ಬೆಳೆಯೂ ತಾನು ತಿನ್ನುವ ಬೆಲೆಗಿಂತ ಜಾಸ್ತಿ ಲಾಭ ಕೊಡುವುದಿಲ್ಲ ಅಂತ ಈಗಷ್ಟೇ ನೋಡಿದೆವು. ಹಾಗಾದರೆ ಯಾವ ಬೆಳೆ ಯೋಜನೆಯೂ 192 ದಾಟಲು ಸಾಧ್ಯವಿಲ್ಲ. ನಮ್ಮದು ಅಲ್ಲಿಗೇ ಮುಟ್ಟಿದೆ. ಒಟ್ಟು ಬೆಲೆಗೂ ಲಾಭಕ್ಕೂ ನಡುವಿನ ಅಂತರ ಹುಟ್ಟುವುದು ಎರಡೇ ಕಡೆಯಿಂದ: ಬೆಲೆ ಇರುವ ವಸ್ತು ಉಳಿದಾಗ, ಇಲ್ಲವೇ ತಿನ್ನುವಷ್ಟು ಕೊಡದ ಬೆಳೆಯನ್ನು ಬೆಳೆದಾಗ. ಇಲ್ಲಿ ಎರಡೂ ಆಗಿಲ್ಲ. ಕಾಂಪ್ಲಿಮೆಂಟರಿ ಸ್ಲ್ಯಾಕ್‌ನೆಸ್ ಹೇಳುವುದು ಇದನ್ನೇ.

ಈಗ ಸೂರ್ಯಕಾಂತಿಯ ಲಾಭ 20 ಸಾವಿರ ಅಂತ ಬದಲಿಸಿ. ಬೆಲೆಗಳು ಅವೇ ಬರುತ್ತವೆ, ಒಟ್ಟು ಬೆಲೆಯೂ 192 ಬರುತ್ತದೆ, ಲಾಭವೂ 192. ಎರಡೂ ಸಮ ಬಂತಲ್ವಾ ಅಂತ ಕೆಲವರು ಇಲ್ಲೇ "ಆಪ್ಟಿಮಲ್" ಅಂತ ಬರೆದುಬಿಡುತ್ತಾರೆ. ಆ ಸಮ ನಾವೇ ಮಾಡಿಸಿದ್ದು, ಬಂದೇ ಬರುತ್ತದೆ. ಅದು ಸಾಕ್ಷಿ ಅಲ್ಲ. ಸೂರ್ಯಕಾಂತಿ 18 ತಿಂದು 20 ಕೊಡುತ್ತದೆ, ಹಾಗಾಗಿ ಉತ್ತರ ತಪ್ಪು. ಎಷ್ಟು ತಪ್ಪು ಅಂತಲೂ ಗೊತ್ತಾಗುತ್ತದೆ. ಒಂದು ಎಕರೆ ಸೂರ್ಯಕಾಂತಿ ಹಾಕಿ, ಹೊಲ ಮತ್ತು ನೀರು ಪೂರ್ತಿ ಬಳಸಿ ನೋಡಿ: ಜೋಳ 16/3, ಉಳ್ಳಾಗಡ್ಡಿ 11/3 ಎಕರೆ ಆಗುತ್ತದೆ. ಲಾಭ 64 + 110 + 20 = 194. ಸರಿಯಾಗಿ 2 ಸಾವಿರ ಏರಿತು.

ಇನ್ನೊಂದು ಕಡೆ ಹುಷಾರಾಗಿರಿ. ಸೂರ್ಯಕಾಂತಿಯ ಲಾಭ ಮತ್ತೆ 15ಕ್ಕೇ ಇರಲಿ, ಆದರೆ ಸಿಗುವ ಆಳು 200 ಅಲ್ಲ, ಸರಿಯಾಗಿ 168 ಅನ್ನಿ. ಆಗ ಏನೂ ಉಳಿಯುವುದಿಲ್ಲ. y3 ಸೊನ್ನೆ ಅಂತ ಹೇಳಲು ಕಾರಣ ಇಲ್ಲ. ಗೊತ್ತಿಲ್ಲದ ಬೆಲೆ ಮೂರು, ಸಮೀಕರಣ ಎರಡೇ. ಇದನ್ನು ಡಿಜೆನರೇಟ್ ಅಂತಾರೆ. ಈಗ ಯಾರಾದರೂ ಸುಮ್ನೆ y2 = 0 ಅಂತ ಇಟ್ಟರೆ y1 = 60/11, y3 = 9/11 ಬರುತ್ತದೆ. ಆ ಬೆಲೆಯಲ್ಲಿ ಸೂರ್ಯಕಾಂತಿ ತಿನ್ನುವುದು 150/11, ಸುಮಾರು 13.6. ಅದು 15ಕ್ಕಿಂತ ಕಡಿಮೆ, ಅಂದರೆ ಪರೀಕ್ಷೆ ಫೇಲ್. ಆದರೆ ಉತ್ತರ ಈಗಲೂ ಆಪ್ಟಿಮಲ್ಲೇ! ಹಳೆಯ 6, 6, 0 ಬೆಲೆಗಳು ಈಗಲೂ ನಡೆಯುತ್ತವೆ. ಇಂಥ ಕಡೆ ಒಂದು ಬೆಲೆ ಸೋತರೆ ತೀರ್ಪು ಕೊಡಬೇಡಿ. y3 ಅನ್ನು ಹಾಗೇ ಬಿಟ್ಟು ಉಳಿದ ಎರಡನ್ನು ಅದರಲ್ಲಿ ಬರೆಯಿರಿ. ಸೂರ್ಯಕಾಂತಿಯ ಬೆಲೆ 18 − (16/3) y3 ಅಂತ ಬರುತ್ತದೆ. y3 ಸೊನ್ನೆಯಿಂದ 9/16 ತನಕ ಎಲ್ಲಿದ್ದರೂ ಸಾಕು. ಎಲ್ಲ ಷರತ್ತು ಪಾಸಾಗುವ ಒಂದೇ ಒಂದು ಬೆಲೆ ಪಟ್ಟಿ ಸಿಕ್ಕರೆ ಉತ್ತರ ಆಪ್ಟಿಮಲ್. ಒಂದೂ ಇಲ್ಲ ಅಂತ ತೋರಿಸಿದರೆ ಮಾತ್ರ ಅಲ್ಲ.

ಪರೀಕ್ಷೆಯಲ್ಲಿ "=" ಇರುವ ಸಾಲು ಬಂದರೆ ಅದರ y ಋಣವೂ ಆಗಬಹುದು, ಅದನ್ನು ನೋಡಿ ಉತ್ತರ ತಪ್ಪು ಅನ್ನಬೇಡಿ. ಎಕರೆಗಳು ಪೂರ್ಣ ಸಂಖ್ಯೆಯೇ ಆಗಬೇಕು ಅಂತ ಕೇಳಿದ್ದರೆ, ಕೊಟ್ಟ ಪೂರ್ಣ ಸಂಖ್ಯೆಯ ಉತ್ತರ ಪಾಸಾದರೆ ಸಾಕು, ಅದಕ್ಕಿಂತ ಒಳ್ಳೆಯದು ಇಲ್ಲ. ಫೇಲಾದರೆ ಮಾತ್ರ ಈ ವಿಧಾನದಿಂದ ಏನೂ ಹೇಳಲಾಗದು, ಬ್ರ್ಯಾಂಚ್ ಅಂಡ್ ಬೌಂಡ್ ಕಡೆಗೆ ಹೋಗಬೇಕು.