ಬೂಷ್ಟು ಬಂದದ್ದು ನಿರ್ಲಕ್ಷ್ಯದಿಂದಲ್ಲ

"ಸರ್, ನಾನು ಚಿತ್ರದುರ್ಗದವಳು. ನಮ್ಮ ಕಡೆಯ ಒಂದು ಹಳೇ ಮನೆತನದವರು ತಮ್ಮ ಸಂಗ್ರಹವನ್ನ ಸಣ್ಣ ಮ್ಯೂಸಿಯಂ ಥರ ಮಾಡಿಟ್ಟಿದ್ದಾರೆ. ಕಡತ, ಹಳೇ ಲೆಕ್ಕದ ಪುಸ್ತಕ, ಮೊಳಕಾಲ್ಮೂರು ರೇಷ್ಮೆ ಸೀರೆ ಎಲ್ಲ ಒಂದೇ ಕೋಣೆಯಲ್ಲಿ, ಗಾಜಿನ ಬಾಗಿಲಿನ ಸ್ಟೀಲ್ ಬೀರುವಿನಲ್ಲಿವೆ. ಬೆಳಗ್ಗೆ 10ರಿಂದ ಸಂಜೆ 5ರವರೆಗೆ ಎ.ಸಿ. 18ಕ್ಕೆ ಓಡುತ್ತದೆ. ಆದರೂ ಈ ಮಳೆಗಾಲ ಕಡತಕ್ಕೆ ಬಿಳಿ ಬೂಷ್ಟು ಹಿಡಿಯಿತು. ಅದನ್ನೇ ಹಿಡಿದು ಲೇಖನ ಬರೆದಿದ್ದೇನೆ, ಫೋಟೋ ಲಗತ್ತಿಸಿದ್ದೇನೆ. ಪ್ರಕಟಿಸುವ ಹಾಗಿಲ್ಲದಿದ್ದರೆ ಕಾರಣ ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳಲ್ಲ."

ನಮಸ್ಕಾರ ಮೇಡಂ,

ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಒಂದು ತುರ್ತು ಮಾತು.

'ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಬೂಷ್ಟು ಹೋಗುತ್ತದೆ' ಅಂತ ಬರೆದಿದ್ದೀರಿ. ದಯವಿಟ್ಟು ಇವತ್ತೇ ಆ ಮನೆಯವರಿಗೆ ಫೋನ್ ಮಾಡಿ, ಒರೆಸಬೇಡಿ ಅಂತ ಹೇಳಿ. ಕಡತ ಅಂದರೆ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಾಡಿದ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲು ಬರಲಿ ಅಂತಲೇ ಹಾಗೆ ಮಾಡುತ್ತಿದ್ದದ್ದು. ಒದ್ದೆ ಬಟ್ಟೆ ತಗುಲಿದರೆ ಬೂಷ್ಟಿನ ಜೊತೆ ಬರವಣಿಗೆಯೂ ಹೋಗುತ್ತದೆ. ಒಣ ಬಟ್ಟೆಯಾದರೂ ಅಷ್ಟೇ. ಬಳಪದ ಪುಡಿ ಮೇಲೆ ಕೂತಿರುತ್ತದೆ, ಒಳಗೆ ಇಳಿದಿರುವುದಿಲ್ಲ.

ಅಕ್ಷರವೂ ಬಿಳಿ, ಬೂಷ್ಟೂ ಬಿಳಿ. ಯಾವುದು ಯಾವುದು ಅಂತ ತಿಳಿಯಲು ಟಾರ್ಚನ್ನು ಕಡತದ ಪಕ್ಕಕ್ಕೆ, ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು. ಬಳಪದ ಗೆರೆ ಚಪ್ಪಟೆಯಾಗಿ, ಕೈ ಓಡಿದ ದಿಕ್ಕಿನಲ್ಲೇ ಇರುತ್ತದೆ. ಬೂಷ್ಟು ಎದ್ದು ನಿಂತಿರುತ್ತದೆ, ಎಳೆ ಎಳೆಯಾಗಿ, ದುಂಡಗೆ ಹಬ್ಬಿರುತ್ತದೆ, ಅಕ್ಷರದ ಗೆರೆಯನ್ನು ಲೆಕ್ಕಿಸುವುದಿಲ್ಲ. ನೀವು ಕಳಿಸಿದ ಎರಡನೇ ಫೋಟೋದಲ್ಲಿ ಮಡಿಕೆಯ ಅಂಚಿನುದ್ದಕ್ಕೂ ಇರುವುದು ಬೂಷ್ಟೇ. ಮಾಸ್ಕ್ ಹಾಕಿಕೊಂಡು ಆ ಕಡತವನ್ನು ಬೇರೆ ಕೋಣೆಗೆ ಒಯ್ದು, ನೆರಳಲ್ಲಿ, ಒಣ ಗಾಳಿಯಲ್ಲಿ, ಫ್ಯಾನಿನ ಗಾಳಿ ನೇರ ಬೀಳದ ಹಾಗೆ ಇಡಲಿ. ತೇವ ಇಳಿದರೆ ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆ. ತೆಗೆಯುವ ಕೆಲಸ ಹಸ್ತಪ್ರತಿ ಸಂರಕ್ಷಣೆ ಕಲಿತವರದ್ದು.

ಈಗ ಲೇಖನದ ವಿಷಯ. 'ಆಧುನಿಕ ಸೌಲಭ್ಯವಿದ್ದರೂ ನಿರ್ಲಕ್ಷ್ಯದಿಂದ ಪರಂಪರೆ ನಶಿಸುತ್ತಿದೆ' ಅಂತ ಮುಗಿಸಿದ್ದೀರಿ. ಇದು ಆ ಮನೆಯವರಿಗೆ ಮಾಡಿದ ಅನ್ಯಾಯ. ಅವರು ದುಡ್ಡು ಹಾಕಿ ಎ.ಸಿ. ಕೂರಿಸಿದ್ದಾರೆ, ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟುತ್ತಿದ್ದಾರೆ. ನಾನು ಈ ಕೆಲಸಕ್ಕೆ ಬರುವ ಮುಂಚೆ ಹಸ್ತಪ್ರತಿ ಭಂಡಾರವೊಂದರಲ್ಲಿದ್ದೆ. ನೀವೇ ಕೊಟ್ಟ ವಿವರ ಓದಿದರೆ ನನಗೆ ಕಾಣುವುದು ಇಷ್ಟು: ಎ.ಸಿ. ಇದ್ದೂ ಬೂಷ್ಟು ಬಂದದ್ದಲ್ಲ, ಎ.ಸಿ. ಓಡಿಸಿದ ರೀತಿಯಿಂದಲೇ ಬಂದದ್ದು. ನಿಜವಾದ ಲೇಖನ ಇಲ್ಲಿದೆ. ನೀವು ಅದರ ಪಕ್ಕದಲ್ಲೇ ಹಾದು ಹೋಗಿದ್ದೀರಿ.

'ತಾಪಮಾನ ಮತ್ತು ತೇವಾಂಶ ನಿಯಂತ್ರಿಸಬೇಕು' ಅನ್ನುವ ವಾಕ್ಯ ಪುಟಕ್ಕೊಂದು ಸಲ ಬರುತ್ತದೆ. ಎರಡಕ್ಕೂ ಇರುವ ನಂಟು ಏನು ಅಂತ ಎಲ್ಲೂ ಬರೆದಿಲ್ಲ. ಓದುಗರಿಗೆ ಅದೇ ಬೇಕು. ಬಿಸಿ ಗಾಳಿಯಲ್ಲಿ ಜಾಸ್ತಿ ನೀರಿನ ಆವಿ ಇರಬಹುದು, ತಣ್ಣನೆ ಗಾಳಿಯಲ್ಲಿ ಕಡಿಮೆ. ಮೀಟರ್ ತೋರಿಸುವ ಶೇಕಡಾ ತೇವ ಅಂದರೆ, ಆ ಬಿಸಿಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಹುದಾದ ಆವಿಯಲ್ಲಿ ಈಗ ಎಷ್ಟು ಪಾಲು ಇದೆ ಅನ್ನುವ ಲೆಕ್ಕ. ಹಾಗಾಗಿ ಒಂದು ಹನಿ ನೀರು ಸೇರಿಸದಿದ್ದರೂ, ಗಾಳಿಯನ್ನು ಸುಮ್ನೆ ತಣ್ಣಗೆ ಮಾಡಿದರೆ ಈ ಶೇಕಡಾ ಏರುತ್ತದೆ. 30 ಡಿಗ್ರಿಯಲ್ಲಿ ಶೇ. 50 ತೇವ ಇರುವ ಗಾಳಿಯನ್ನು ನೀರು ತೆಗೆಯದೆ 20 ಡಿಗ್ರಿಗೆ ಇಳಿಸಿ. ಮೀಟರ್ ಶೇ. 90 ತೋರಿಸುತ್ತದೆ.

ಇದನ್ನು ನಿಮ್ಮ ಬೀರುವಿಗೆ ಹಾಕಿ ನೋಡೋಣ. ಜುಲೈ ತಿಂಗಳ ಒಂದು ದಿನ ಹೊರಗೆ 26 ಡಿಗ್ರಿ, ಶೇ. 80 ತೇವ ಅಂದುಕೊಳ್ಳಿ. ಆ ಗಾಳಿ 22 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರುವ ಯಾವ ವಸ್ತು ಮುಟ್ಟಿದರೂ ಅಲ್ಲಿ ನೀರು ಕಟ್ಟುತ್ತದೆ. ಬೆಳಗ್ಗಿನಿಂದ 18ಕ್ಕೆ ಓಡಿದ ಎ.ಸಿ. ಕೋಣೆಯ ಗಾಳಿಯಿಂದ ಸ್ವಲ್ಪ ನೀರು ತೆಗೆದಿರುತ್ತದೆ, ನಿಜ. ಆದರೆ ಬೀರುವಿನ ತಗಡು 18–19 ಡಿಗ್ರಿಗೆ ಇಳಿದು ಕೂತಿದೆ. 5 ಗಂಟೆಗೆ ಎ.ಸಿ. ಆಫ್ ಮಾಡುತ್ತಾರೆ. 'ಗಾಳಿಯಾಡಲಿ' ಅಂತ ಕಿಟಕಿ ತೆಗೆಯುತ್ತಾರೆ ಅಂತ ನೀವೇ ಬರೆದಿದ್ದೀರಿ. ಮಳೆಗಾಲದ ಗಾಳಿ ನೇರ ಬಂದು ತಣ್ಣನೆ ತಗಡಿಗೆ ಬಡಿಯುತ್ತದೆ. ಫ್ರಿಜ್‌ನಿಂದ ತೆಗೆದ ಚೊಂಬಿನ ಹೊರಮೈ ಬೆವರುವ ಹಾಗೆ ಬೀರು ಬೆವರುತ್ತದೆ. ಬಾಗಿಲ ಸಂದಿಯಲ್ಲಿ ನುಗ್ಗಿದ ಗಾಳಿಯಿಂದ ಒಳಮೈಯೂ ಬೆವರುತ್ತದೆ. ಗೋಡೆಗೆ ಒತ್ತಿಕೊಂಡ ಹಿಂಭಾಗ ಎಲ್ಲಕ್ಕಿಂತ ನಿಧಾನವಾಗಿ ಬಿಸಿಯಾಗುತ್ತದೆ, ಅಲ್ಲೇ ತೇವ ಜಾಸ್ತಿ ಹೊತ್ತು ನಿಲ್ಲುತ್ತದೆ. ಬೂಷ್ಟು ಹಿಡಿದ ಕಡತ ಇದ್ದದ್ದು ಕೆಳಗಿನ ಅರೆಯಲ್ಲಿ, ಹಿಂದಕ್ಕೆ ತಳ್ಳಿ ಇಟ್ಟಿದ್ದರು ಅಂತ ಬರೆದಿದ್ದೀರಲ್ಲ, ಅದು ಸುಮ್ನೆ ವರ್ಣನೆಯಲ್ಲ. ಅದೇ ಸಾಕ್ಷಿ.

ತೇವ ಶೇ. 65 ದಾಟಿ ನಿಂತರೆ ಬೂಷ್ಟಿನ ಭಯ ಶುರು. 80ರಲ್ಲಿ ನಿಂತರೆ ಕೆಲವು ವಾರ, 90 ದಾಟಿದರೆ ಕೆಲವೇ ದಿನ ಸಾಕು. ಅದೇ ಬೀರುವಿನಲ್ಲಿದ್ದ ಹಿತ್ತಾಳೆ ದೀಪಕ್ಕೆ ಏನೂ ಆಗಲಿಲ್ಲ, ಕಡತಕ್ಕೆ ಯಾಕೆ ಹಿಡಿಯಿತು ಅಂತ ಓದುಗರು ಕೇಳುತ್ತಾರೆ. ಉತ್ತರ ಕೊಡಿ. ಬಟ್ಟೆ, ಕಾಗದ ಎರಡೂ ನಾರು. ಸುತ್ತಲಿನ ಗಾಳಿಯಿಂದ ನೀರು ಹೀರುತ್ತವೆ, ಗಾಳಿ ಒಣಗಿದಾಗ ಬಿಡುತ್ತವೆ. ಹೀರಿದಾಗ ಉಬ್ಬುತ್ತವೆ, ಬಿಟ್ಟಾಗ ಕುಗ್ಗುತ್ತವೆ. ಕಡತದಲ್ಲಿ ಇನ್ನೂ ಒಂದು ಕಷ್ಟ ಇದೆ. ಹುಣಸೆ ಬೀಜದ ಅಂಟು ಬೂಷ್ಟಿಗೂ ಹುಳಕ್ಕೂ ಒಳ್ಳೇ ಊಟ. ಜೊತೆಗೆ, ಬಟ್ಟೆ ಉಬ್ಬಿ ಕುಗ್ಗುವಷ್ಟು ಅದರ ಮೇಲಿನ ಕಪ್ಪು ಲೇಪ ಆಡುವುದಿಲ್ಲ. ದಿನಾ ಹಗಲು ಒಣಗಿ ರಾತ್ರಿ ನೆನೆದರೆ ಲೇಪ ಮೊದಲು ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಆಮೇಲೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕಡತ ಸುತ್ತಿದ್ದ ಬಟ್ಟೆಯಲ್ಲಿ ಕಪ್ಪು ಪುಡಿ ಸಿಕ್ಕರೆ ಇದು ಆಗಲೇ ಶುರುವಾಗಿದೆ ಅಂತ ಅರ್ಥ. ಹೋಗಿ ನೋಡಿ ಬರೆಯಿರಿ.

'20 ಡಿಗ್ರಿ, ಶೇ. 50 ತೇವ ಕಡ್ಡಾಯ' ಅನ್ನುವ ಸಾಲನ್ನು ತೆಗೆಯಿರಿ. ಅದು ಚಳಿ ದೇಶದ ಮ್ಯೂಸಿಯಂಗಳು ತಮ್ಮ ಕಟ್ಟಡಕ್ಕೆ, ತಮ್ಮ ಖರ್ಚಿಗೆ ಹೊಂದಿಸಿಕೊಂಡ ಅಂಕಿ. 2014ರಲ್ಲಿ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಗಳೇ ಇದನ್ನು ಸಡಿಲಿಸಿ, ಹೆಚ್ಚಿನ ವಸ್ತುಗಳಿಗೆ ಶೇ. 40ರಿಂದ 60 ತೇವ, 16ರಿಂದ 25 ಡಿಗ್ರಿ, ದಿನದೊಳಗಿನ ಏರಿಳಿತ ಕಡಿಮೆ ಇರಲಿ ಅಂದವು. ಚಿತ್ರದುರ್ಗದಂಥ ಊರಲ್ಲಿ ಈ 25 ಕೂಡ ವರ್ಷಪೂರ್ತಿ ಸಿಗಲ್ಲ. ಆದರೆ ದಿನದ ಏರಿಳಿತ ತಗ್ಗಿಸುವುದು ನಮ್ಮ ಕೈಲಿದೆ. ಬಿಸಿ ಹೆಚ್ಚಿದಷ್ಟೂ ಕಾಗದ ಬೇಗ ಹಳೆಯದಾಗುತ್ತದೆ, ಅದರಲ್ಲೂ ಹುಳಿ ಅಂಶ ಇರುವ ಹಳೇ ಲೆಕ್ಕದ ಪುಸ್ತಕಗಳು. ಅದು ವರ್ಷಗಟ್ಟಲೆ ನಡೆಯುವ ಹಾನಿ. ಬೂಷ್ಟು ಒಂದೇ ವಾರದಲ್ಲಿ ಮುಗಿಸುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದರೆ ನಾನು ಎ.ಸಿ. ಪೂರ್ತಿ ಬಂದ್ ಮಾಡಿಸುತ್ತೇನೆ. ಓಡಿಸುವುದಾದರೆ 25ರ ಹತ್ತಿರ ಇಟ್ಟು ರಾತ್ರಿ ಹಗಲೂ ಓಡಬೇಕು. ಬೀರುವನ್ನು ಗೋಡೆಯಿಂದ ಅರ್ಧ ಅಡಿ ಮುಂದಕ್ಕೆ, ನೆಲದಿಂದ ಒಂದು ಗೇಣು ಮೇಲಕ್ಕೆ ಇಡಲಿ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ, ತೇವ ಹೀರುವ ಯಂತ್ರವನ್ನು 55ಕ್ಕೆ ಇಟ್ಟು ಓಡಿಸಿದರೆ ಎ.ಸಿ.ಗಿಂತ ಉಪಯೋಗ. ಕಡತವನ್ನು ಗಂಜಿ ಪೂರ್ತಿ ತೊಳೆದು ತೆಗೆದ, ಬಣ್ಣ ಹಾಕದ ಹತ್ತಿ ಬಟ್ಟೆಯಲ್ಲಿ ಸುತ್ತಿಡಲಿ. ಹೊರಗಿನ ಏರಿಳಿತದ ಸ್ವಲ್ಪ ಪಾಲನ್ನು ಆ ಬಟ್ಟೆಯೇ ಹೀರಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ, ತೇವ ಶೇ. 20–25ಕ್ಕೆ ಇಳಿದಾಗ, ಬಂದವರಿಗೆ ತೋರಿಸೋಣ ಅಂತ ಕಡತ ಬಿಡಿಸುವುದು ಬೇಡ. ಲೇಪ ಆಗ ಪಟಪಟ ಒಡೆಯುತ್ತದೆ.

ಇದೆಲ್ಲ ನಾನು ನಿಮ್ಮ ವಿವರದಿಂದ ಕಟ್ಟಿದ ಕಾರಣ. ನೀವು ಅಳೆದು ತೋರಿಸಬೇಕು. ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಎರಡು ತನ್ನಿ. ಅಗ್ಗದವು ಸುಳ್ಳು ಹೇಳುತ್ತವೆ, ಮೊದಲು ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನಾಲ್ಕೈದು ಹನಿ ನೀರು ಬಿಟ್ಟು ಕೆಸರಿನ ಹಾಗೆ ಮಾಡಿ. ಅದನ್ನೂ ಮೀಟರನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಗ್ಗೆ 75 ತೋರಿಸಬೇಕು. 80 ತೋರಿಸಿದರೆ 5 ಕಳೆದು ಓದಿ. ಆಮೇಲೆ ಒಂದನ್ನು ಕೋಣೆಯಲ್ಲಿ, ಇನ್ನೊಂದನ್ನು ಬೀರುವಿನ ಕೆಳಗಿನ ಅರೆಯ ಹಿಂಭಾಗದಲ್ಲಿ ಇಡಿ. ಎ.ಸಿ. ಹಾಕುವ ಮುಂಚೆ, ಆಫ್ ಮಾಡುವಾಗ, ಆಫ್ ಮಾಡಿ ಒಂದು ಗಂಟೆ ಆದ ಮೇಲೆ ಬರೆದುಕೊಳ್ಳಲು ಮನೆಯವರಿಗೆ ಹೇಳಿ. ಎರಡು ವಾರ ಸಾಕು. ಸಂಜೆ ಬೀರುವಿನ ಒಳಗಿನ ಅಂಕಿ ಜಿಗಿಯದಿದ್ದರೆ ನನ್ನ ಕಾರಣ ತಪ್ಪು. ಆಗ ಗೋಡೆಯ ಸೋರಿಕೆ ಹುಡುಕಿ.

ಬೆಳಕಿನ ಭಾಗದಲ್ಲಿ '50 ಲಕ್ಸ್ ಮೀರಬಾರದು' ಅಂದಿದ್ದೀರಿ. ಲಕ್ಸ್ ಅಂದರೆ ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ. ಪ್ರದರ್ಶನಕ್ಕಿಟ್ಟ ಬಟ್ಟೆ, ಕಾಗದಕ್ಕೆ ಆ ಅಂಕಿ ಸರಿ. ಆದರೆ ಬೆಳಕಿನ ಹಾನಿ ಕೂಡುತ್ತಾ ಹೋಗುವ ಲೆಕ್ಕ. ಎಷ್ಟು ಲಕ್ಸ್ ಅನ್ನುವುದನ್ನು ಎಷ್ಟು ಗಂಟೆ ಅನ್ನುವುದರಿಂದ ಗುಣಿಸಬೇಕು. ನಿಮ್ಮ ಮೂರನೇ ಫೋಟೋದಲ್ಲಿ ಪಡುವಣ ಕಿಟಕಿಯ ಬಿಸಿಲು ಗಾಜಿನ ಬಾಗಿಲ ಮೇಲೆ ಬಿದ್ದಿದೆ. ಅದು 10,000 ಲಕ್ಸ್ ಅಂದುಕೊಂಡರೂ, ಒಂದು ಗಂಟೆಯ ಬಿಸಿಲು 50 ಲಕ್ಸ್‌ನಲ್ಲಿ ದಿನಕ್ಕೆ 8 ಗಂಟೆಯಂತೆ 25 ದಿನ ಪ್ರದರ್ಶನಕ್ಕಿಟ್ಟಷ್ಟಾಯಿತು. ಬಿಸಿಲಲ್ಲಿರುವ ನೇರಳಾತೀತ ಕಿರಣದ ಪೆಟ್ಟು ಬೇರೆ. ರೇಷ್ಮೆ ಅದಕ್ಕೆ ತುಂಬಾ ಬೇಗ ಸೋಲುತ್ತದೆ. ತೇವ ಹೆಚ್ಚಾದರೆ ಇಳಿಸಬಹುದು, ಮಾಸಿದ ಬಣ್ಣ ವಾಪಸ್ ಬರಲ್ಲ. ಫೋಟೋ ದೊಡ್ಡದು ಮಾಡಿ ನೋಡಿ, ಮಾವಿನ ಚಿಗುರಿನ ಬಣ್ಣದ ಸೀರೆಯ ಹೊರ ಮಡಿಕೆ ಒಳ ಮಡಿಕೆಗಿಂತ ಪೇಲವವಾಗಿದೆ. ಅದರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ! ಉಗ್ರಾಣಕ್ಕೆ ಬೆಳಕೇ ಬೇಡ. ಬಾಗಿಲ ಗಾಜಿಗೆ ಒಳಗಿನಿಂದ ದಪ್ಪ ಹತ್ತಿ ಪರದೆ, ಕಿಟಕಿಗೆ ಮರದ ಬಾಗಿಲು, ಒಳಗೆ ಹೋದಾಗ ಮಾತ್ರ ಹಾಕುವ ಎಲ್‌ಇಡಿ ದೀಪ ಸಾಕು. ಜರಿ ಸೀರೆಯ ಜೊತೆ ನ್ಯೂಸ್‌ಪೇಪರ್, ರಬ್ಬರ್ ಬ್ಯಾಂಡ್ ಇಟ್ಟಿದ್ದರೆ ತೆಗೆಸಿ. ರಬ್ಬರಿನ ಗಂಧಕಕ್ಕೆ ಬೆಳ್ಳಿ ಜರಿ ಕಪ್ಪಾಗುತ್ತದೆ.

ತಿದ್ದುವಾಗ ಮೊದಲ ಎರಡು ಪುಟ, ಕೋಟೆಯ ಇತಿಹಾಸ, ಪೂರ್ತಿ ತೆಗೆಯಿರಿ. ಬೀರುವಿನ ಕೆಳಗಿನ ಅರೆಯಿಂದ ಶುರು ಮಾಡಿ, ಅಂಕಿಗಳ ಪಟ್ಟಿಯನ್ನು ಲೇಖನದ ಮಧ್ಯೆ ತನ್ನಿ. ಮನೆತನದ ಹೆಸರು ಹಾಕುವ ಮುಂಚೆ ಅವರಿಗೆ ಓದಿಸಿ ಒಪ್ಪಿಗೆ ಪಡೆಯಿರಿ. 1,000 ಪದದೊಳಗೆ ಇರಲಿ. ಎರಡು ವಾರದ ಅಂಕಿ ಕೈಗೆ ಬಂದ ಮೇಲೆ ನನಗೇ ನೇರವಾಗಿ ಕಳಿಸಿ.