"ಎಲ್ರಿಗೂ ಸಮನಾಗೇ ಹಂಚಿದೀನಿ ಮೇಡಂ"

ನಾನು ಕೌನ್ಸೆಲರ್. ಪ್ರತಿ ವರ್ಷ ಫೆಬ್ರವರಿ ಕೊನೆ ಹೊತ್ತಿಗೆ ನಂಗೆ ಅಕೌಂಟ್ಸ್ ಡಿಪಾರ್ಟ್‌ಮೆಂಟ್‌ಗಳಿಂದ ಫೋನ್ ಬರಕ್ಕೆ ಶುರುವಾಗುತ್ತೆ. ಮಾತು ಹೆಚ್ಚುಕಮ್ಮಿ ಒಂದೇ: "ನಮ್ಮಲ್ಲೊಬ್ಬ ಹುಡುಗಿ ತುಂಬಾ ಡಲ್ ಆಗಿದಾಳೆ, ಒಂದೆರಡು ಸಿಟ್ಟಿಂಗ್ ಕೊಡಿ ಮೇಡಂ, ಮಾರ್ಚ್ 31 ದಾಟಿಸಿದ್ರೆ ಸಾಕು." ಇದೂ ಅಂಥದ್ದೇ ಕೇಸು. ಪೀಣ್ಯದ ಕಡೆ ಒಂದು ಫ್ಯಾಕ್ಟರಿ, ಅಕೌಂಟ್ಸಲ್ಲಿ ಆರು ಜನ. ಗುರುತು ಸಿಗಬಾರದು ಅಂತ ಒಂದಷ್ಟು ವಿವರ ಬದಲಾಯಿಸಿದೀನಿ.

ಆ ಹೆಣ್ಮಗಳನ್ನ ಮೊದ್ಲು ಒಬ್ಳನ್ನೇ ಕೂರಿಸಿ ಮಾತಾಡಿಸ್ದೆ. ಒಂದೇ ಬಿಲ್ಲನ್ನ ಟ್ಯಾಲಿಲಿ ಎರಡು ಸಲ ಎಂಟ್ರಿ ಮಾಡ್ಬಿಟ್ಟಿದಾಳೆ, ಮೊದ್ಲೆಲ್ಲಾ ವೆಂಡರ್ ಫೋನ್ ಮಾಡಿದ್ರೆ ಸಮಾಧಾನವಾಗಿ ಹೇಳೋಳು ಈಗ ರಿಂಗ್ ಆದ್ರೇ ಸಿಟ್ಟು ಬರುತ್ತಂತೆ. ಇಂಥವ್ರನ್ನ ನೋಡ್ದಾಗ ನಾನು ಒಂದು ವಿಷ್ಯ ಮೊದ್ಲು ಕೇಳ್ಕೊತೀನಿ: ಎರಡು ದಿನ ರಜೆ ಸಿಕ್ಕಿದ್ರೆ ನಿದ್ದೆ ಬರುತ್ತಾ, ಮನೇಲಿ ನಗು ಬರುತ್ತಾ? ಅಲ್ಲೂ ಏನೂ ಬೇಡ ಅನ್ಸಿದ್ರೆ, ಬದುಕೋದೇ ಬೇಡ ಅನ್ನೋ ಯೋಚನೆ ಸುಳಿದ್ರೆ, ಅದು ಬರೀ ಕೆಲಸದ ವಿಷ್ಯ ಅಲ್ಲ, ಸೈಕಿಯಾಟ್ರಿಸ್ಟ್ ಹತ್ರ ಹೋಗ್ಲೇಬೇಕು (ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು). ಇವಳಿಗೆ ಹಂಗಿರ್ಲಿಲ್ಲ. ಭಾನುವಾರ ಅಕ್ಕನ ಮನೇಲಿ ಚೆನ್ನಾಗೇ ಇರ್ತಾಳೆ, ಸಂಜೆ ಆಗ್ತಿದ್ದಂಗೆ ಹೊಟ್ಟೆ ಹಿಂಡಕ್ಕೆ ಶುರು. ಅವಳು ಹೇಳಿದ್ದು ಇಷ್ಟೇ: "ಕೆಲಸ ಜಾಸ್ತಿ ಅಂತ ಅಲ್ಲ ಮೇಡಂ, ಬೆಳಿಗ್ಗೆಯಿಂದ ಕೂತಿದ್ರೂ ಒಂದೂ ಮುಗ್ಸಿರಲ್ಲ."

ಇದಕ್ಕೆ ಉಸಿರಾಟದ ಅಭ್ಯಾಸ ಹೇಳ್ಕೊಟ್ಟು ವಾಪಸ್ ಅದೇ ಕುರ್ಚಿಗೆ ಕಳ್ಸೋದು ನಂಗೆ ಸರಿ ಅನ್ಸಲ್ಲ. ಕೆಲಸ ಹಂಚೋದು ಮ್ಯಾನೇಜರ್ ವಿಷ್ಯ, ಕೌನ್ಸೆಲರ್‌ಗೇನು ಅಲ್ಲಿ ಕೆಲಸ ಅಂತ ನಮ್ಮವರೇ ನಂಗೆ ಹೇಳಿದಾರೆ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆನೇ 2019ರಲ್ಲಿ ಬರ್ನ್‌ಔಟ್‌ನ, ಅಂದ್ರೆ ಕೆಲಸದ ಒತ್ತಡದಿಂದ ಪೂರ್ತಿ ಬಸವಳಿಯೋದನ್ನ, ಕಾಯಿಲೆ ಅನ್ನದೆ ಕೆಲಸದ ಜಾಗಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ಬರ್ದಿದೆ. ಕಾರಣ ಆಫೀಸಲ್ಲಿದ್ರೆ ಆಫೀಸಿನ ಬಗ್ಗೆನೇ ಮಾತಾಡ್ಬೇಕಲ್ವಾ. ಅವಳ ಒಪ್ಪಿಗೆ ತಗೊಂಡು ಮ್ಯಾನೇಜರ್‌ನೂ ಕರೆದೆ.

ಮನುಷ್ಯ ಕೆಟ್ಟವ್ರಲ್ಲ. ಎಕ್ಸೆಲ್ ಶೀಟ್ ಪ್ರಿಂಟ್ ತಗೊಂಡೇ ಬಂದಿದ್ರು, ಆರು ಹೆಸರು, ಒಬ್ಬೊಬ್ಬರ ಮುಂದೆ ಏಳೆಂಟು ಕೆಲಸ. "ನೋಡಿ, ಎಲ್ರಿಗೂ ಸಮನಾಗೇ ಹಂಚಿದೀನಿ ಮೇಡಂ." ನಿಜ, ಕಾಗದದ ಮೇಲೆ ಸಮನಾಗೇ ಇತ್ತು. ನಾನು ಪೆನ್ ಕೊಟ್ಟು, ಉಳಿದ ಐದು ಜನ ಡೌಟ್ ಬಂದ್ರೆ ಯಾರನ್ನ ಕೇಳ್ತಾರೆ ಅಂತ ಹೆಸರಿನ ಪಕ್ಕ ಬರೀರಿ ಅಂದೆ. ಒಂದು, ಎರಡು, ಮೂರು ಸಲ ಅವಳ ಹೆಸರೇ ಬರ್ದ್ರು, ನಾಲ್ಕನೇದಕ್ಕೆ ಪೆನ್ ನಿಂತ್ಹೋಯ್ತು. ಅವಳು ಮೆಲ್ಲಗೆ "ಬ್ಯಾಂಕ್‌ನವ್ರೂ ನಂಗೇ ಫೋನ್ ಮಾಡೋದು ಸರ್, ಸ್ಟೋರ್ಸ್‌ನವ್ರೂ" ಅಂದ್ಲು. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ ಮಾತು ನಂಗೆ ಈಗ್ಲೂ ಕೊರೆಯುತ್ತೆ: "ಇವಳು ಯಾವತ್ತೂ ಆಗಲ್ಲ ಅಂದಿಲ್ವಲ್ಲ ಮೇಡಂ, ಅದಕ್ಕೇ ಗೊತ್ತಾಗ್ಲಿಲ್ಲ." ಚೆನ್ನಾಗಿ ಮಾಡೋರಿಗೇ ಕೆಲಸ ಹರ್ಕೊಂಡು ಹೋಗುತ್ತೆ, ಶೀಟಲ್ಲಿ ಅದು ಎಲ್ಲೂ ಕಾಣಲ್ಲ, ಯಾಕಂದ್ರೆ ಬೇರೆಯವರ ಪ್ರಶ್ನೆಗೆ ಉತ್ತರ ಕೊಡೋದನ್ನ ಯಾರೂ ಕೆಲಸ ಅಂತ ಬರ್ಯಲ್ಲ.

ಆಮೇಲೆ ಮೂರು ಜನಾನೂ ಕೂತು ಅದೇ ಶೀಟಲ್ಲಿ ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಹಾಕಿದ್ವಿ: ಇದು ಮಾರ್ಚ್ 31ಕ್ಕೇ ಆಗ್ಬೇಕು ಅಂತ ಹೇಳಿದ್ದು ಯಾರು? ಉತ್ತರ ಕೊಟ್ಟಿದ್ದೆಲ್ಲಾ ಅವರೇ, ನಂಗೆ ಲೆಕ್ಕಪತ್ರ ಬರಲ್ಲ. ಮಾರ್ಚ್ ತಿಂಗಳ ಟಿಡಿಎಸ್ ಕಟ್ಟಕ್ಕೆ ಏಪ್ರಿಲ್ 30ರವರೆಗೂ ಟೈಮಿದೆ, ಜಿಎಸ್‌ಟಿ 3ಬಿ ರಿಟರ್ನ್ ಏಪ್ರಿಲ್ 20ಕ್ಕೆ, ಆಡಿಟರ್ ಬರೋದು ಮೇ ತಿಂಗಳಲ್ಲಿ. ಏಪ್ರಿಲ್ 3ಕ್ಕೆ ಕೊಡ್ಬೇಕು ಅಂತ ಎಲ್ರೂ ಒದ್ದಾಡ್ತಿದ್ದ ರಿಪೋರ್ಟು ಓನರ್ ಯಾವುದೋ ಕಾಲದಲ್ಲಿ ಕೇಳಿದ್ದು ಹಂಗೇ ನಡ್ಕೊಂಡು ಬಂದಿದೆ ಅಷ್ಟೇ. 31ಕ್ಕೆ ನಿಜವಾಗ್ಲೂ ಆಗ್ಬೇಕಾಗಿದ್ದು ಸ್ಟಾಕ್ ಎಣಿಸೋದು, ಕ್ಯಾಶ್ ಎಣಿಸೋದು, ಆಮೇಲೆ ಸಣ್ಣ ಉದ್ದಿಮೆಗಳ ಬಾಕಿ. ಅವ್ರಿಗೆ ಒಪ್ಪಂದ ಇದ್ರೂ 45 ದಿನದೊಳಗೆ ದುಡ್ಡು ಹೋಗ್ಬೇಕು, ಆ ಗಡುವು ಮೀರಿದ್ದು ವರ್ಷದ ಕೊನೆಗೂ ಬಾಕಿ ಉಳಿದ್ರೆ ಆ ಖರ್ಚನ್ನ ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯಕ್ಕೆ ಬಿಡಲ್ಲ.

ಅವಳ ತಲೆ ಮೇಲಿದ್ದ ದೊಡ್ಡ ಹೊರೆ ತೊಂಬತ್ತು ವೆಂಡರ್‌ಗಳ ಲೆಡ್ಜರ್ ತಾಳೆ ನೋಡೋದು. ಈ ಗಡುವಿಗೆ ಸಿಕ್ಕಾಕೊಳ್ಳೋರು ಯಾರ್ಯಾರು ಅಂತ ಹೆಕ್ಕಿದ್ರೆ ಇಪ್ಪತ್ತಮೂರೇ ಸಿಕ್ತು. ಉಳಿದವು ಏಪ್ರಿಲ್ ಎರಡನೇ ವಾರಕ್ಕೆ. ಅವಳ ಮುಖ ಆಗ ನೋಡ್ಬೇಕಿತ್ತು, ಖುಷಿ ಅಲ್ಲ, ಸಿಟ್ಟು! ಇಷ್ಟು ದಿನ ಯಾಕೆ ಯಾರೂ ಹೇಳ್ಲಿಲ್ಲ ಅಂತ.

ಹಂಚೋ ವಿಷ್ಯಕ್ಕೆ ಬಂದಾಗ ಮ್ಯಾನೇಜರ್ ಮೊದ್ಲ ಯೋಚನೆ, ಇಬ್ರು ಜೂನಿಯರ್‌ಗಳನ್ನ ಇವಳ ಹೆಲ್ಪಿಗೆ ಹಾಕೋದು. ಬೇಡ ಅಂದೆ. ಗಡುವಿಗೆ ಎರಡು ವಾರ ಇದ್ದಾಗ ಹೆಲ್ಪಿಗೆ ಬಂದೋರಿಗೆ ಹೇಳ್ಕೊಡೋದೂ ಅವಳ ತಲೆಗೇ ಬರುತ್ತೆ, ತಪ್ಪಾದ್ರೆ ತಿದ್ದೋದೂ ಅವಳೇ. ಉಲ್ಟಾ ಮಾಡಿ, ಕಷ್ಟದ ಇಪ್ಪತ್ತಮೂರು ಲೆಡ್ಜರ್ ಅವಳ ಹತ್ರನೇ ಇರ್ಲಿ, ಕಲಿಸಬೇಕಾಗಿಲ್ಲದ ದಿನದ ಕೆಲಸ ಅವಳಿಂದ ಪೂರ್ತಿ ತೆಗೀರಿ. ಪೆಟ್ಟಿ ಕ್ಯಾಶ್ ಒಬ್ಬನಿಗೆ, ರಸೀದಿ ಎಂಟ್ರಿ ಮತ್ತೆ ವೆಂಡರ್ ಫೋನು ಇನ್ನೊಬ್ಬಳಿಗೆ, ತಪ್ಪಾದ್ರೆ ಅವರೇ ಜವಾಬ್ದಾರಿ. ಡೌಟುಗಳನ್ನ ನೋಟ್‌ಬುಕ್ಕಲ್ಲಿ ಬರ್ದಿಟ್ಟು ಹನ್ನೊಂದು ಗಂಟೆಗೂ ನಾಲ್ಕಕ್ಕೂ ಮಾತ್ರ ಕೇಳೋದು. ಮೂರು ದಿನ ಆದ್ಮೇಲೆ ಆ ನೋಟ್‌ಬುಕ್ ಮ್ಯಾನೇಜರ್ ನೋಡ್ಬೇಕು, ಅರ್ಧ ಪ್ರಶ್ನೆ ಅವರೇ ಉತ್ತರಿಸಬೇಕಾದವೇ ಇರ್ತವೆ. ಇದ್ದವು ಕೂಡ.

ಉಳಿದ ಐದು ಜನರ ಮನಸ್ಸು ಕೆಟ್ಟಿದ್ದು ಬೇರೆ ಕಾರಣಕ್ಕೆ. ಯುಗಾದಿ ರಜೆ ಕೊಟ್ಟು ಹೊಸತೊಡಕಿನ ರಜೆ ಕ್ಯಾನ್ಸಲ್ ಮಾಡಿದ್ರು, ಬದಲಿಗೆ ರಾತ್ರಿ ಒಂಬತ್ತಕ್ಕೆ ಪಿಜ್ಜಾ ತರಿಸಿದ್ರು, ವಾಟ್ಸ್ಆ್ಯಪ್ ಗ್ರೂಪಲ್ಲಿ ಲೇಟಾಗಿ ಕೂತೋರಿಗೆ ಚಪ್ಪಾಳೆ. ಆರಕ್ಕೆ ಹೊರಡೋ ಮಗುವಿನ ತಾಯಿಗೆ ಹಾಫ್ ಡೇನಾ ಅಂತ ಚುಚ್ಚು ಮಾತು, ಮದುವೆಯಾಗದ ಹುಡುಗನಿಗೆ ನಿಂಗೇನಪ್ಪಾ ಮನೇಲಿ ಕೆಲಸ ಅಂತ ದಿನಾ ರಾತ್ರಿ ಡ್ಯೂಟಿ. ಇಬ್ರಿಗೂ ಅನ್ಯಾಯ ಆಗಿದೆ ಅನ್ನೋ ಭಾವನೆ ಒಂದೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ಬರ್ನ್‌ಔಟ್ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದೋರು, ಅವ್ರೂ ಕೆಲಸದ ಹೊರೆ ಜೊತೆಗೆ ನ್ಯಾಯವನ್ನೂ ಕಾರಣಗಳ ಸಾಲಲ್ಲೇ ಇಟ್ಟಿದಾರೆ. ನಾನು ಹೇಳಿದ್ದು: ಚಪ್ಪಾಳೆ ನಿಲ್ಸಿ, ಆರಕ್ಕೆ ಹೋಗೋದು ಮೊದ್ಲೇ ಮಾತಾಡ್ಕೊಂಡಿದ್ದು ಅಂತ ಎಲ್ರ ಮುಂದೆ ನೀವೇ ಹೇಳಿ, ಲೇಟ್ ಕೂರೋದನ್ನ ಸರದಿ ಮೇಲೆ ಹಾಕಿ, ಕಾಂಪ್ ಆಫ್ ಯಾವತ್ತು ಅಂತ ತಾರೀಖು 31ಕ್ಕೆ ಮುಂಚೆನೇ ಬರ್ದು ಕೊಡಿ. "ಏಪ್ರಿಲಲ್ಲಿ ನೋಡೋಣ" ಅಂದ್ರೆ ಕೊಡಲ್ಲ ಅಂತಾನೇ ಅವ್ರು ಅರ್ಥ ಮಾಡ್ಕೊಳ್ಳೋದು. ಏಪ್ರಿಲ್ 20ರ ಜಿಎಸ್‌ಟಿ ಆದ್ಮೇಲೆ ಒಂದು ಸಲಕ್ಕೆ ಇಬ್ರಂತೆ ಆ ರಜೆ ಹಾಕಿದ್ರು.

ಎಲ್ಲಾ ಸುಸೂತ್ರ ಆಯ್ತು ಅಂತೇನಿಲ್ಲ. ಫೋನ್ ವಹಿಸ್ಕೊಂಡ ಹುಡುಗಿ ಮೊದಲ ವಾರ ಗೊಣಗಿದ್ಲು, ಓನರ್ ರಿಪೋರ್ಟ್ ಲೇಟಾಗಿದ್ದಕ್ಕೆ ಮ್ಯಾನೇಜರ್‌ಗೆ ಬೈದ್ರು, ಅದನ್ನ ಅವ್ರು ಕೆಳಗಿನವರಿಗೆ ದಾಟಿಸ್ಲಿಲ್ಲ. ಆ ಹೆಣ್ಮಗಳು ಜೂನಲ್ಲಿ ಪರ್ಚೇಸ್ ಸೆಕ್ಷನ್‌ಗೆ ಟ್ರಾನ್ಸ್‌ಫರ್ ಕೇಳಿದ್ಲು. ಮ್ಯಾನೇಜರ್ ನಂಗೆ ಫೋನ್ ಮಾಡಿ ಇಷ್ಟೆಲ್ಲಾ ಮಾಡಿದ್ರೂ ಹಿಂಗಾ ಅಂದ್ರು. ಅವಳು ಬಿಟ್ರೆ ಆ ಪ್ರಶ್ನೆಗಳನ್ನೆಲ್ಲಾ ಯಾರು ನೋಡ್ತಾರೆ ಅಂತ ಈಗ್ಲೇ ಶೀಟಲ್ಲಿ ಬರೀರಿ, ಮುಂದಿನ ಫೆಬ್ರವರಿವರೆಗೂ ಕಾಯ್ಬೇಡಿ ಅಂದೆ.